ಕೆಂಪು ಗೆರೆ ಸರಿಯಾ, ಬರೆದವರು ಸರಿಯಾ? ಕನ್ನಡ ಕಾಗುಣಿತ ಪರೀಕ್ಷಕದ ಬಗ್ಗೆ

ಕೋಡಿಕಡಲು

ನಮ್ಮೂರ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ನನ್ನ ಕೈಗೆ ಬಂದಿದೆ. ಲಿಬ್ರೆಆಫೀಸ್‌ನಲ್ಲಿ ಎಲ್ಲ ಲೇಖನಗಳನ್ನೂ ಒಟ್ಟು ಹಾಕಿ, ಕನ್ನಡ ಕಾಗುಣಿತ ಪರೀಕ್ಷೆ ಆನ್ ಮಾಡಿದೆ. ಪುಟ ಪೂರ್ತಿ ಕೆಂಪು! ಸಮಿತಿಯ ಒಬ್ಬರು "ಅದು ತೋರಿಸಿದ್ದಕ್ಕೆಲ್ಲ ಓಕೆ ಕೊಟ್ಟು ಮುಗಿಸಿ, ಪ್ರೆಸ್ಸಿಗೆ ಕೊಡಬೇಕು" ಅಂತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಯಾಕೆ ಅಂತ ಈ ಐದು ನೋಡಿದರೆ ಗೊತ್ತಾಗುತ್ತದೆ.

"ಪ್ರಶಸ್ತಿ ಪ್ರದಾನ" ಅಂತ ಇದೆ. ಅದು "ಪ್ರಧಾನ" ಮಾಡು ಅನ್ನುತ್ತದೆ.

"ಬೆಳ್ತಿಗೆ ಅಕ್ಕಿ" ಅಂತ ಹಳೆ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ಅದಕ್ಕೆ "ಬೆಳ್ಳಿಗೆ" ಬೇಕಂತೆ.

"ಜಾತ್ಯತೀತ" ತಪ್ಪು, "ಜಾತ್ಯಾತೀತ" ಸರಿ ಅನ್ನುತ್ತಿದೆ. ಇದರಲ್ಲಿ ನನಗೇ ಅನುಮಾನ.

"ಶಾಲೆಯವರಿಗಾದರೂ" ಅನ್ನುವುದಕ್ಕೆ "ಶಾಲೆಯವರಾದರೂ" ಅಂತ ಸಲಹೆ.

ಕೊನೆಯದು ವಿಚಿತ್ರ. ಒಂದೇ ಪ್ಯಾರಾದಲ್ಲಿ "ಸಂಘ" ಎರಡು ಸಲ ಬಂದಿದೆ. ಒಂದಕ್ಕೆ ಗೆರೆ ಇದೆ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ದೊಡ್ಡದು ಮಾಡಿ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ತಂತ್ರಾಂಶವೇ ಕೆಟ್ಟಿದೆಯಾ?

ಮಂಜ ಹಾಸನ

ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ರೂಪಗಳನ್ನು ಉದ್ಧರಣ ಚಿಹ್ನೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಯಾವುದಕ್ಕೆ ಜಾಸ್ತಿ ಫಲಿತಾಂಶ ಬರುತ್ತದೋ ಅದೇ ಸರಿ. ನಾನು ಯಾವಾಗಲೂ ಮಾಡೋದು ಹೀಗೇ.

ಅಚ್ಚುಮೊಳೆ

ಮಂಜ ಅವರೇ, ಸುಮ್ನೆ ಬೆರಳು ಜಾರಿದ ತಪ್ಪಿಗೆ ನಿಮ್ಮ ಉಪಾಯ ನಡೆಯುತ್ತದೆ. ಆದರೆ ಈ ಐದರಲ್ಲಿ ಕನಿಷ್ಠ ಒಂದರಲ್ಲಿ ಅದು ದಾರಿ ತಪ್ಪಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೋಡಿಕಡಲು ಅವರೇ, ಮೊದಲು ಕೊನೆಯದು ನೋಡೋಣ. ಅಲ್ಲಿ ತಂತ್ರಾಂಶವೇ ಸರಿ, ನಿಮ್ಮ ಕಣ್ಣು ಮೋಸ ಹೋಗಿದೆ. ಗೆರೆ ಬಿದ್ದಿರುವ ಸಂಘದಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಇರಬೇಕು. ಆ ಪದದಲ್ಲಿ ಸೊನ್ನೆಯ ಬಲಕ್ಕೆ ಕರ್ಸರ್ ಇಟ್ಟು Alt+X ಒತ್ತಿ. ಅಕ್ಷರದ ಜಾಗದಲ್ಲಿ ಅದರ ಯೂನಿಕೋಡ್ ಸಂಖ್ಯೆ ಕಾಣುತ್ತದೆ. 0ce6 ಅಂತ ಇದ್ದರೆ ಅಂಕಿ. 0c82 ಅಂತ ಇದ್ದರೆ ಅನುಸ್ವಾರ. ಮತ್ತೆ Alt+X ಒತ್ತಿದರೆ ಮೊದಲಿನಂತಾಗುತ್ತದೆ.

ಕೋಡಿಕಡಲು

0ce6! ಅಂದರೆ ಅದು ಅಂಕಿ. ಆ ಪ್ಯಾರಾವನ್ನು ನಿವೃತ್ತ ಮೇಷ್ಟ್ರೊಬ್ಬರು ಹಳೆಯ ಕಡತದಿಂದ ನಕಲು ಮಾಡಿ ಕಳಿಸಿದ್ದರು. ಇಡೀ ಸಂಚಿಕೆಯಲ್ಲಿ ಇಂಥವು ಎಷ್ಟಿವೆಯೋ. ಒಂದೊಂದೇ ಹುಡುಕಬೇಕಾ?

ಅಚ್ಚುಮೊಳೆ

ಬೇಡ. ಆದರೆ ಎಲ್ಲ ೦ ಅನ್ನೂ ಒಟ್ಟಿಗೆ ಅನುಸ್ವಾರ ಮಾಡಲು ಹೋಗಬೇಡಿ. ೧೯೨೦, ೨೦೦೪ ಅಂತ ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳೆಲ್ಲ ಹಾಳಾಗುತ್ತವೆ. ಅಕ್ಷರದ ಬೆನ್ನಿಗೇ ಬಂದ ಸೊನ್ನೆಯನ್ನು ಮಾತ್ರ ಹಿಡಿಯಬೇಕು. Ctrl+H ಒತ್ತಿ, ಇತರ ಆಯ್ಕೆಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಗುರುತು ಹಾಕಿ, ಹುಡುಕುವ ಜಾಗದಲ್ಲಿ ಇದನ್ನು ಕೊಡಿ:

```
(?<=[\u0C85-\u0CCC])\u0CE6
```

ಬದಲಿಸುವ ಜಾಗದಲ್ಲಿ ಬರೀ ಅನುಸ್ವಾರ. ಮೊದಲು "ಎಲ್ಲ ಹುಡುಕು" ಒತ್ತಿ ಏನೇನು ಸಿಕ್ಕಿದೆ ನೋಡಿಕೊಂಡು ಆಮೇಲೆ ಬದಲಿಸಿ.

ಇದೇ ಜಾತಿಯ ಇನ್ನೊಂದಿದೆ. "ಮೈಕ್‌ನಲ್ಲಿ" ಅಂತ ಬರೆಯುವಾಗ ಕ್ ಮತ್ತು ನ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, 200c. ಅದು ಇಲ್ಲದಿದ್ದರೆ ನ ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ಕೆಲವೊಮ್ಮೆ ಅದು ಪದದ ಕೊನೆಯಲ್ಲಿ, ಬೇಕಿಲ್ಲದ ಕಡೆಯೂ ಸೇರಿಕೊಂಡಿರುತ್ತದೆ. ಆಗ ನೋಡಲು ಸರಿಯಾಗೇ ಇರುವ ಪದಕ್ಕೆ ಗೆರೆ ಬೀಳಬಹುದು.

ಹಾಗಾಗಿ ನನ್ನ ಮೊದಲ ಪರೀಕ್ಷೆ ಯಾವಾಗಲೂ ಇದೇ. ಗೆರೆ ಬಿದ್ದ ಪದವನ್ನು ಪಕ್ಕದಲ್ಲಿ ನಾನೇ ಹೊಸದಾಗಿ ಟೈಪ್ ಮಾಡುತ್ತೇನೆ. ಹೊಸದಕ್ಕೆ ಗೆರೆ ಬೀಳದಿದ್ದರೆ ತೊಂದರೆ ಕಾಗುಣಿತದಲ್ಲಿಲ್ಲ, ಒಳಗಿನ ಅಕ್ಷರ ಸಂಕೇತದಲ್ಲಿದೆ. ನಕಲು ಮಾಡಿ ಅಂಟಿಸಬೇಡಿ, ಕೈಯಾರೆ ಟೈಪ್ ಮಾಡಿ.

ಶೈಲಜಾ ಮಂಡ್ಯ

ನನ್ನದೂ ಇದೇ ಗೋಳು. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ pradana ಅಂತ ಒತ್ತಿದರೆ ಅದೇ ಪ್ರಧಾನ ಅಂತ ಹಾಕಿಬಿಡುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ "ಬಹುಮಾನ ಪ್ರಧಾನ ಸಮಾರಂಭ" ಅಂತ ಹೋಗಿ ಎಲ್ಲರೂ ನಕ್ಕರು. ಇದನ್ನು ಆಫ್ ಮಾಡೋದು ಹೇಗೆ?

ಅಚ್ಚುಮೊಳೆ

ಶೈಲಜಾ ಮೇಡಂ, ಅದು ಬೇರೆ ಸಂಗತಿ. ಫೋನ್ ಕೀಬೋರ್ಡ್ ನೀವು ಬರೆದದ್ದನ್ನು ತಿದ್ದುತ್ತಿಲ್ಲ. ನೀವು ಕೊಟ್ಟ ಇಂಗ್ಲಿಷ್ ಅಕ್ಷರಕ್ಕೆ ಯಾವ ಕನ್ನಡ ಪದ ಅಂತ ಊಹೆ ಮಾಡುತ್ತಿದೆ. pradana ದಲ್ಲಿ ದ, ಧ ಎರಡೂ ಅಡಗಿವೆ, ಹಾಗಾಗಿ ಹೆಚ್ಚು ಬಳಕೆಯಲ್ಲಿರುವುದನ್ನು ಮುಂದಿಡುತ್ತದೆ. ಕನ್ನಡ ಅಕ್ಷರಗಳೇ ಇರುವ ಕೀಲಿಮಣೆಗೆ ಬದಲಾಯಿಸಿಕೊಂಡರೆ ಈ ಊಹೆ ಬಹಳ ಮಟ್ಟಿಗೆ ತಪ್ಪುತ್ತದೆ.

ಕೋಡಿಕಡಲು ಅವರ ಪ್ರಕರಣದಲ್ಲಿ ಪದ ಸರಿಯಾಗೇ ಇದೆ. ಅದನ್ನು ತಂತ್ರಾಂಶ ತಪ್ಪು ಅನ್ನುತ್ತಿದೆ. ಯಾಕೆ ಅಂತ ಹೇಳುತ್ತೇನೆ.

ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಕೆಲಸ ಮಾಡುವುದು ಹನ್‌ಸ್ಪೆಲ್. ಅದಕ್ಕೆ ಎರಡು ಕಡತ ಬೇಕು. kn_IN.dic ನಲ್ಲಿ ಪದಗಳ ಪಟ್ಟಿ, kn_IN.aff ನಲ್ಲಿ ಪ್ರತ್ಯಯ ಸೇರಿಸುವ ನಿಯಮ. ಪಟ್ಟಿ ಮತ್ತು ನಿಯಮ ಸೇರಿ ಹುಟ್ಟದ ಪದಕ್ಕೆಲ್ಲ ಗೆರೆ. ಅಂದರೆ ಕೆಂಪು ಗೆರೆಗೆ "ತಪ್ಪು" ಅನ್ನುವ ಅರ್ಥವೇ ಇಲ್ಲ. "ನನ್ನ ಪಟ್ಟಿಯಲ್ಲಿಲ್ಲ" ಅಂತ ಅಷ್ಟೇ.

ಸಲಹೆ ಹುಟ್ಟುವುದು ಇನ್ನೂ ಸರಳ. ಹೆಚ್ಚಾಗಿ ಒಂದು ಅಕ್ಷರ ಬದಲಿಸಿ, ಒಂದು ಬಿಟ್ಟು, ಒಂದು ಸೇರಿಸಿ, ಅಕ್ಕಪಕ್ಕದವನ್ನು ಅದಲು ಬದಲು ಮಾಡಿ ನೋಡುತ್ತದೆ. ಹಾಗೆ ಮಾಡಿದಾಗ ಪಟ್ಟಿಯಲ್ಲಿರುವ ಪದ ಸಿಕ್ಕರೆ ಅದನ್ನು ತೋರಿಸುತ್ತದೆ. ಪ್ರದಾನದಲ್ಲಿ ದ ತೆಗೆದು ಧ ಹಾಕಿದರೆ ಪ್ರಧಾನ. ಬೆಳ್ತಿಗೆಯಲ್ಲಿ ತ ತೆಗೆದು ಳ ಹಾಕಿದರೆ ಬೆಳ್ಳಿಗೆ. ಅರ್ಥ ಅದಕ್ಕೆ ಗೊತ್ತಿಲ್ಲ. ಹಿಂದೆ "ಪ್ರಶಸ್ತಿ" ಇದೆ, ಮುಂದೆ "ಅಕ್ಕಿ" ಇದೆ ಅನ್ನುವುದನ್ನೂ ನೋಡುವುದಿಲ್ಲ.

ನಿಮ್ಮ ಕಂಪ್ಯೂಟರಿನ ಪಟ್ಟಿಯನ್ನು ನೀವೇ ನೋಡಬಹುದು. ಲಿನಕ್ಸ್ ಆದರೆ:

```
hunspell -D
grep -n '^ಪ್ರದಾನ' kn_IN.dic
grep -n '^ಪ್ರಧಾನ' kn_IN.dic
```

ಮೊದಲ ಆಜ್ಞೆ ಪಟ್ಟಿ ಯಾವ ಫೋಲ್ಡರಿನಲ್ಲಿದೆ ಅಂತ ತೋರಿಸುತ್ತದೆ. ವಿಂಡೋಸ್‌ನಲ್ಲಿ ನೀವು ಇಳಿಸಿಕೊಂಡ .oxt ಕಡತದ ಹೆಸರಿನ ಕೊನೆಯನ್ನು .zip ಮಾಡಿ ಬಿಚ್ಚಿದರೆ ಒಳಗೆ .dic ಸಿಗುತ್ತದೆ. ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು.

ಕೋಡಿಕಡಲು

ತೆರೆದೆ. ಪ್ರಧಾನ ಇದೆ, ಪ್ರಧಾನಿ ಇದೆ, ಪ್ರಧಾನವಾಗಿ ಇದೆ. ಪ್ರದಾನ ಇಲ್ಲವೇ ಇಲ್ಲ.

ರಮಾ ಟೀಚರ್

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು, ಈಗ ನಿವೃತ್ತಿ. ಕಂಪ್ಯೂಟರ್ ವಿಷಯ ನನಗೆ ಬಾರದು, ಪದಗಳ ವಿಷಯ ಹೇಳುತ್ತೇನೆ.

ಪ್ರದಾನ ಅಂದರೆ ಕೊಡುವುದು. ಪ್ರಧಾನ ಅಂದರೆ ಮುಖ್ಯವಾದದ್ದು. ಎರಡೂ ಬೇರೆ ಬೇರೆ ಪದ, ಎರಡೂ ಸರಿ. ಪ್ರಶಸ್ತಿಯ ಜೊತೆ ಬರಬೇಕಾದದ್ದು ಪ್ರದಾನ. ಹಾಗಾಗಿ ನಿಘಂಟು ನೋಡುವಾಗ ಸಲಹೆ ಕೊಟ್ಟ ಪದವನ್ನು ಮಾತ್ರ ಹುಡುಕಬೇಡಿ. "ಹೌದು, ಪ್ರಧಾನ ಇದೆ, ಸರಿ" ಅಂತ ಮುಂದೆ ಹೋಗುವವರೇ ಜಾಸ್ತಿ. ಬರೆದವರ ಪದವನ್ನೂ ಹುಡುಕಬೇಕು. ಎರಡೂ ಸಿಕ್ಕರೆ ಅರ್ಥ ಓದಿ, ವಾಕ್ಯಕ್ಕೆ ಯಾವುದು ಕೂರುತ್ತದೆ ನೋಡಬೇಕು. ದನ–ಧನ ಕೂಡ ಹೀಗೇ.

ಜಾತ್ಯತೀತದಲ್ಲಿ ಅನುಮಾನವೇ ಬೇಡ. ಜಾತಿ + ಅತೀತ. ಇ ಕಾರದ ಮುಂದೆ ಅ ಬಂದಾಗ ಯ ಆಗುತ್ತದೆ, ಯಣ್ ಸಂಧಿ. ಅ ಹ್ರಸ್ವ, ಅದು ದೀರ್ಘ ಆಗಲು ಕಾರಣವೇ ಇಲ್ಲ. ಅತಿ + ಅಂತ ಸೇರಿ ಅತ್ಯಂತ ಆಯಿತು. ಅತ್ಯಾಂತ ಅಂತ ಯಾರೂ ಬರೆಯುವುದಿಲ್ಲ ಅಲ್ವಾ? ಆದರೆ ಅತಿ + ಆಚಾರ ಸೇರಿದರೆ ಅತ್ಯಾಚಾರ. ಅಲ್ಲಿ ಎರಡನೆಯ ಪದವೇ ಆ ದಿಂದ ಶುರುವಾಗುತ್ತದೆ. ಕೋಟ್ಯಧೀಶ ಸರಿ, ಕೋಟ್ಯಾಧೀಶ ತಪ್ಪು, ಇದೇ ಕಾರಣಕ್ಕೆ.

ಮಂಜ ಹಾಸನ

ಟೀಚರ್, ಜಾತ್ಯಾತೀತ ಅಂತ ಹುಡುಕಿದರೆ ಪುಟಗಟ್ಟಲೆ ಬರುತ್ತದೆ. ಸುದ್ದಿ ತಾಣಗಳಲ್ಲೂ ಇದೆ. ಅಷ್ಟು ಜನ ಬರೆದ ಮೇಲೆ ಅದೇ ಕನ್ನಡ ಆಗಲಿಲ್ವಾ?

ಅಚ್ಚುಮೊಳೆ

ಮಂಜ ಅವರೇ, ನಾನು ಹೇಳಿದ್ದು ಇದನ್ನೇ. ಇಂಥ ಪದಪಟ್ಟಿಗಳನ್ನು ಎಷ್ಟೋ ಸಲ ಅಂತರ್ಜಾಲದ ಬರಹಗಳಿಂದಲೇ ಹೆಕ್ಕುತ್ತಾರೆ. ಅಲ್ಲಿ ತಪ್ಪು ರೂಪ ಜಾಸ್ತಿ ಇದ್ದರೆ ಪಟ್ಟಿಗೆ ಅದೇ ಹೋಗುತ್ತದೆ, ಸರಿ ರೂಪ ಹೊರಗುಳಿಯುತ್ತದೆ. ಆಮೇಲೆ ನೀವು ಗೂಗಲ್‌ನಲ್ಲಿ ಹುಡುಕಿ "ಸಲಹೆ ಸರಿ" ಅಂದರೆ, ಸಾಕ್ಷಿಯೂ ಅದೇ ಮೂಲ, ಆರೋಪಿಯೂ ಅದೇ ಮೂಲ. ಎಣಿಕೆ ಉಪಯೋಗಕ್ಕೆ ಬರುವುದು "ಈ ಪದ ಬಳಕೆಯಲ್ಲಿದೆಯಾ" ಅಂತ ತಿಳಿಯುವುದಕ್ಕೆ. ಎರಡು ರೂಪಗಳಲ್ಲಿ ಯಾವುದು ಸರಿ ಅಂತ ತೀರ್ಮಾನಿಸುವುದಕ್ಕಲ್ಲ.

ಮಂಜ ಹಾಸನ

ಆಯಿತು, ಸಂಸ್ಕೃತ ಪದಗಳಿಗೆ ಒಪ್ಪಿದೆ. ಬೆಳ್ತಿಗೆಗೆ ಯಾವ ಸಂಧಿ ಬಿಡಿಸುತ್ತೀರಿ? ಅಲ್ಲಿ ಎಣಿಕೆ ಬಿಟ್ಟರೆ ಬೇರೆ ದಾರಿ ಏನಿದೆ?

ಧಾರವಾಡದಾಂವ

ಮಂಜ ಅವರ ಈ ಮಾತು ಖರೇ. ನಮ್ಮ ಕಡೆ ಪದಗಳಿಗಂತೂ ಗೆರೆ ಬೀಳದ ದಿನವೇ ಇಲ್ಲ. ಪುಂಡಿಪಲ್ಯ ಬರೆದರೆ ಗೆರೆ, ರೊಟ್ಟಿ ಬುತ್ತಿಗೆ ಗೆರೆ, ಹೊಂಟಾನ ಅಂದರೆ ಕೇಳುವುದೇ ಬೇಡ. ಬೆಂಗಳೂರು ಮೈಸೂರಿನ ಬರಹದಿಂದ ಪಟ್ಟಿ ಮಾಡಿದರೆ ಇನ್ನೇನಾಗುತ್ತದ್ರಿ?

ರಮಾ ಟೀಚರ್

ಊರಿನ ಪದಗಳನ್ನು ಮೂರು ಕಡೆ ನೋಡಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಇದೆ. ಅದರಲ್ಲಿ ಪದದ ಜೊತೆ ಎಲ್ಲಿ ಬಳಕೆಯಾಗಿದೆ ಅನ್ನುವ ಉದಾಹರಣೆಯೂ ಇರುತ್ತದೆ. ಕಿಟೆಲ್ ನಿಘಂಟು 1894ರದ್ದು, ಹಳೆಯ ಪದಗಳಿಗೆ ಒಳ್ಳೆಯದು. ಅಂತರ್ಜಾಲದಲ್ಲಿ ಬೇಗ ನೋಡಬೇಕೆಂದರೆ ಅಲರ್ ಇದೆ, ಸರ್ಕಾರದ ಪದಕಣಜ ಇದೆ. ಹುಡುಕುವಾಗ ಪ್ರತ್ಯಯ ಕಳಚಿ ಮೂಲರೂಪ ಕೊಡಿ. "ಬೆಳ್ತಿಗೆಯನ್ನು" ಅಂತ ಕೊಟ್ಟರೆ ಎಲ್ಲೂ ಸಿಗುವುದಿಲ್ಲ.

ನಿಘಂಟಿನಲ್ಲಿ ಸಿಕ್ಕರೆ ಪದ ಇದೆ ಅಂತ ಖಾತ್ರಿ. ಸಿಗದಿದ್ದರೆ ತಪ್ಪು ಅಂತ ಅಲ್ಲ. ಆಗ ಆ ಊರಿನವರನ್ನು ಕೇಳಬೇಕು. ಅದೂ "ಬೆಳ್ತಿಗೆ ಸರಿಯಾ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಕುಚ್ಚಲಕ್ಕಿ ಅಲ್ಲದ್ದಕ್ಕೆ ನಿಮ್ಮಲ್ಲಿ ಏನಂತೀರಿ, ಬರೆದು ತೋರಿಸಿ" ಅಂತ ಕೇಳಿ.

ಕೋಡಿಕಡಲು

ಟೀಚರ್, ಅದಕ್ಕೆ ನಾನೇ ಸಾಕ್ಷಿ. ನಮ್ಮಲ್ಲಿ ಅಂಗಡಿಯ ಬೋರ್ಡಿನಲ್ಲೇ ಬೆಳ್ತಿಗೆ ಅಕ್ಕಿ ಅಂತ ಬರೆದಿರುತ್ತದೆ. ಅದನ್ನು ಬೆಳ್ಳಿಗೆ ಮಾಡಿದ್ದರೆ ಲೇಖಕರು ನನ್ನನ್ನು ಶಾಲೆಯ ಗೇಟಿನ ಒಳಗೆ ಬಿಡುತ್ತಿರಲಿಲ್ಲ.

ಇನ್ನು ಉಳಿದದ್ದು "ಶಾಲೆಯವರಿಗಾದರೂ". ಇಂಥ ಉದ್ದ ಪದಗಳೇ ಹೆಚ್ಚು ಕೆಂಪಾಗಿವೆ. ಇವನ್ನೆಲ್ಲ ನಿಘಂಟಿನಲ್ಲಿ ಹುಡುಕಲು ಆಗುವುದಿಲ್ಲವಲ್ಲ.

ಅಚ್ಚುಮೊಳೆ

ಇದಕ್ಕೆ ನಿಘಂಟು ಬೇಡ. ಖಾಲಿ ಪುಟ ತೆರೆದು ಮೆಟ್ಟಿಲು ಮೆಟ್ಟಿಲಾಗಿ ಟೈಪ್ ಮಾಡಿ, ಒಂದು ಸಾಲಿಗೆ ಒಂದು ಪದ:

ಶಾಲೆ
ಶಾಲೆಯ
ಶಾಲೆಯವರು
ಶಾಲೆಯವರಿಗೆ
ಶಾಲೆಯವರಿಗಾದರೂ

ಎಲ್ಲಿಂದ ಗೆರೆ ಶುರುವಾಗುತ್ತದೆ ಹೇಳಿ.

ಕೋಡಿಕಡಲು

ಕೊನೆಯದಕ್ಕೆ ಮಾತ್ರ. ಮೊದಲ ನಾಲ್ಕಕ್ಕೂ ಇಲ್ಲ.

ಅಚ್ಚುಮೊಳೆ

ಹಾಗಾದರೆ ಪಟ್ಟಿಗೆ ಶಾಲೆಯೂ ಗೊತ್ತು, ಶಾಲೆಯವರಿಗೆ ಅನ್ನುವುದೂ ಗೊತ್ತು. ಅದಕ್ಕೆ "ಆದರೂ" ಸೇರಿದಾಗ ಕೊನೆಯ ಎ ಬಿದ್ದುಹೋಗಿ ಗಾ ಆಯಿತು. ಆ ಕೂಡಿಕೆಗೆ .aff ಕಡತದಲ್ಲಿ ನಿಯಮ ಇಲ್ಲ, ಗೆರೆ ಬಿತ್ತು. ಬಿಡಿ ಭಾಗಗಳು ಸರಿ, ಕೂಡಿಸಿದ ರೀತಿಯೂ ಸರಿ. ಪದ ಸರಿ, ಧೈರ್ಯವಾಗಿ ಬಿಡಿ.

ಗೆರೆ ಎರಡನೆಯ ಮೆಟ್ಟಿಲಿನಲ್ಲೇ ಶುರುವಾಗಿದ್ದರೆ ಪ್ರತ್ಯಯ ಹತ್ತಿಸಿದ್ದನ್ನು ಮತ್ತೊಮ್ಮೆ ನೋಡಬೇಕಿತ್ತು. ಮೊದಲ ಮೆಟ್ಟಿಲಿಗೇ ಬಿದ್ದಿದ್ದರೆ ಟೀಚರ್ ಹೇಳಿದ ಹಾಗೆ ನಿಘಂಟಿಗೆ ಹೋಗಬೇಕಿತ್ತು.

ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗೆ, ಮಾಡಿದವರು ಲಾಸ್ಲೋ ನೇಮೆತ್. ಆ ಭಾಷೆಯೂ ಕನ್ನಡದ ಹಾಗೆ ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುತ್ತದೆ. ಹಾಗಾಗಿ ಒಂದರ ಮೇಲೆ ಇನ್ನೊಂದರಂತೆ ಎರಡು ಪದರದ ಪ್ರತ್ಯಯವನ್ನು ಅದು ಕಳಚಬಲ್ಲದು. ನಮ್ಮಲ್ಲಿ ಎರಡು ಪದರ ಎಲ್ಲಿ ಸಾಕು? ಮೇಲಿನ ಮೆಟ್ಟಿಲನ್ನೇ ಎಣಿಸಿ. ಪಟ್ಟಿ ಮಾಡುವವರು ಹಲವು ಪ್ರತ್ಯಯಗಳನ್ನು ಒಟ್ಟುಗೂಡಿಸಿ ಒಂದೇ ಅಂತ ಬರೆದು ದಾರಿ ಮಾಡಿಕೊಳ್ಳಬಹುದು, ಆದರೆ ಎಲ್ಲ ಜೋಡಣೆಯನ್ನೂ ಬರೆದು ಮುಗಿಸಲಾಗುವುದಿಲ್ಲ. ನಿಮ್ಮ .aff ತೆರೆದು SFX ಅಂತ ಶುರುವಾಗುವ ಸಾಲುಗಳು ಎಷ್ಟಿವೆ ನೋಡಿ. ಬಹಳ ಕಡಿಮೆ ಇದ್ದರೆ ಉದ್ದ ಪದದ ಮೇಲಿನ ಗೆರೆಗೆ ಬೆಲೆಯೂ ಕಡಿಮೆ.

ಇಂಥ ಕಡೆ ಸಲಹೆ ತುಂಬ ಅಪಾಯ. "ಶಾಲೆಯವರಿಗಾದರೂ ತಿಳಿಸಿ" ಅನ್ನುವುದು "ಶಾಲೆಯವರಾದರೂ ತಿಳಿಸಿ" ಆದರೆ ಯಾರು ಯಾರಿಗೆ ತಿಳಿಸಬೇಕು ಅನ್ನುವುದೇ ತಿರುಗಿಬಿತ್ತು. ಓದಿದರೆ ತಪ್ಪು ಅನ್ನಿಸುವುದೂ ಇಲ್ಲ. ಗೆರೆಯೂ ಹೋಗಿರುತ್ತದೆ.

ಧಾರವಾಡದಾಂವ

ಹಂಗಾದರೆ ಸರಿ ಅಂತ ಗೊತ್ತಾದ ಪದವನ್ನೆಲ್ಲ "ನಿಘಂಟಿಗೆ ಸೇರಿಸು" ಒತ್ತಿಬಿಟ್ಟರೆ ಮುಗೀತಲ್ರಿ?

ಅಚ್ಚುಮೊಳೆ

ಒತ್ತಿ, ಆದರೆ ನೋಡಿಕೊಂಡು. ಲಿಬ್ರೆಆಫೀಸ್‌ನಲ್ಲಿ ಅದು ಸಾಮಾನ್ಯವಾಗಿ standard.dic ಅನ್ನುವ ನಿಮ್ಮ ಸ್ವಂತ ಪಟ್ಟಿಗೆ ಹೋಗುತ್ತದೆ. ಒಮ್ಮೆ ಜಾತ್ಯಾತೀತ ಅಲ್ಲಿ ಸೇರಿಕೊಂಡರೆ ಮುಂದೆಂದೂ ಗೆರೆ ಬೀಳುವುದಿಲ್ಲ. ಸಂಚಿಕೆಗೆ ಅಂತಲೇ ಬೇರೆ ಪಟ್ಟಿ ಮಾಡಿಕೊಂಡು, ಊರು, ಮನೆತನ, ಜನರ ಹೆಸರುಗಳನ್ನು ಅದಕ್ಕೆ ಹಾಕಿ. ಮುಗಿದ ಮೇಲೆ ಒಮ್ಮೆ ತೆರೆದು ಓದಿ.

ಅಲ್ಲೇ ತದ್ವಿರುದ್ಧ ಸೌಲಭ್ಯವೂ ಇದೆ. ಹೊಸ ಪಟ್ಟಿ ಮಾಡುವಾಗ "ವಿನಾಯಿತಿ (-)" ಗುರುತು ಹಾಕಿದರೆ, ಅದರಲ್ಲಿರುವ ಪದಗಳಿಗೆ ಯಾವಾಗಲೂ ಗೆರೆ ಬೀಳುತ್ತದೆ. ಮುಖ್ಯ ಪಟ್ಟಿಯಲ್ಲಿ ಇದ್ದರೂ ಸರಿ. ಜಾತ್ಯಾತೀತ, ಕೋಟ್ಯಾಧೀಶ ಅಲ್ಲಿಗೆ ಹಾಕಿ. ಪ್ರಧಾನ ಹಾಕಬೇಡಿ, "ಪ್ರಧಾನ ಗುರುಗಳು" ಅಂತ ಪುಟಕ್ಕೊಂದು ಬರುತ್ತದೆ.

ಇಡೀ ಸಂಚಿಕೆಯನ್ನು ಪದ ಪದವಾಗಿ ನೋಡಲು ಸಮಯ ಇರುವುದಿಲ್ಲ, ಗೊತ್ತು. ಅದಕ್ಕೆ ನಾನು ಗೆರೆ ಬಿದ್ದ ಪದಗಳ ಪಟ್ಟಿ ತೆಗೆದು ಎಣಿಕೆ ಪ್ರಕಾರ ಜೋಡಿಸಿಕೊಳ್ಳುತ್ತೇನೆ. ಎಲ್ಲವನ್ನೂ ಬರೀ ಪಠ್ಯವಾಗಿ ಉಳಿಸಿ:

```
hunspell -i utf-8 -d kn_IN -l sanchike.txt | sort | uniq -c | sort -rn
```

ಮೇಲ್ಗಡೆ ಬರುವವು ಹೆಚ್ಚಾಗಿ ಹೆಸರುಗಳು, ಊರ ಪದಗಳು, ಪಟ್ಟಿಯಲ್ಲಿಲ್ಲದ ಸಾಮಾನ್ಯ ಪದಗಳು. ಹಲವು ಲೇಖಕರು ಒಂದೇ ಥರ ಬರೆದಿದ್ದಾರೆ ಅಂದರೆ ಪಟ್ಟಿಯದೇ ಕೊರತೆ ಇರುವ ಸಂಭವ ಜಾಸ್ತಿ. ಒಂದೇ ಸಲ ಬಂದವುಗಳಲ್ಲಿ ನಿಜವಾದ ಬೆರಳಚ್ಚಿನ ತಪ್ಪು ಸಿಗುತ್ತದೆ, ನಿಮ್ಮ ಕಣ್ಣು ಅಲ್ಲಿಗೆ ಬೇಕು. ಒಬ್ಬರೇ ಲೇಖಕರು ಒಂದೇ ತಪ್ಪನ್ನು ಮೂವತ್ತು ಸಲ ಮಾಡಿದ್ದರೆ ಈ ಲೆಕ್ಕ ಕೈಕೊಡುತ್ತದೆ, ಅದೊಂದು ನೆನಪಿರಲಿ. "ಪ್ರಶಸ್ತಿ ಪ್ರಧಾನ" ಅಂತಲೇ ಬರೆದವರಿದ್ದರೆ ಆ ಪದ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದನ್ನು ಬೇರೆಯಾಗಿ ಹುಡುಕಬೇಕು.

ಕೋಡಿಕಡಲು

ಹುಡುಕಿದೆ. ಸ್ವಾಗತ ಸಮಿತಿಯವರ ಲೇಖನದಲ್ಲೇ ಎರಡು ಕಡೆ ಸಿಕ್ಕಿತು! ಅಲ್ಲಿ ಒಂದೂ ಗೆರೆ ಇರಲಿಲ್ಲ.

ಟೀಚರ್, ಇನ್ನೊಂದು ಕೇಳಲಾ? ಕೆಲವರು "ಕತೆ" ಬರೆದಿದ್ದಾರೆ, ಕೆಲವರು "ಕಥೆ". ಎರಡಕ್ಕೂ ಗೆರೆ ಇಲ್ಲ. ಒಬ್ಬ ಯುವಕ ಮಾತ್ರ ಇಡೀ ಲೇಖನ "ಬಾಶೆ", "ವಿದಾನ", "ಅಬಿಮಾನ" ಅಂತ ಬರೆದಿದ್ದಾನೆ. ಪುಟ ಪೂರ್ತಿ ಕೆಂಪು. ಇಲ್ಲಿ ಸಲಹೆ ಒಪ್ಪಬಹುದಲ್ವಾ?

ರಮಾ ಟೀಚರ್

ಕತೆ, ಕಥೆ ಎರಡೂ ನಡೆಯುತ್ತವೆ. ಒಂದು ಲೇಖನದೊಳಗೆ ಒಂದೇ ಇರಲಿ. ಬಾಶೆ ಮಾತ್ರ ಒಪ್ಪುವುದಿಲ್ಲ. ಭಾಷೆ ಅಂತ ತಿದ್ದಿ. ಮಕ್ಕಳು ಓದುವ ಸಂಚಿಕೆ.

ಧಾರವಾಡದಾಂವ

ಟೀಚರ್, ಇಲ್ಲಿ ನನ್ನ ತಕರಾರು ಇದೆ. ಅದು ಡಿ.ಎನ್. ಶಂಕರ ಭಟ್ಟರು ಹೇಳುವ ಹೊಸಬರಹ. ಮಹಾಪ್ರಾಣ ಬಿಟ್ಟು ಬರೆಯುವುದು ಆ ಹುಡುಗ ಬೇಕಂತಲೇ ಮಾಡಿದ್ದು. ಲೇಖನ ಪೂರ್ತಿ ಒಂದೇ ಥರ ಇದೆಯಾ ನೋಡಿ. ಇದ್ದರೆ ಅದು ತಪ್ಪಲ್ಲ, ನಿಲುವು. ಅಲ್ಲೊಂದು ಇಲ್ಲೊಂದು ಇದ್ದರೆ ಆಗ ತಪ್ಪು ಅನ್ನಿ.

ರಮಾ ಟೀಚರ್

ನಿಲುವು ಅವನ ಬ್ಲಾಗಿನಲ್ಲಿ ಇಟ್ಟುಕೊಳ್ಳಲಿ. ಶಾಲೆಯ ಸಂಚಿಕೆಗೆ ಶಾಲೆಯ ಕಾಗುಣಿತ.

ಅಚ್ಚುಮೊಳೆ

ಇದನ್ನು ತಂತ್ರಾಂಶವೂ ತೀರ್ಮಾನಿಸಲಾರದು, ನಾನೂ ತೀರ್ಮಾನಿಸಲಾರೆ. ಲೇಖಕನನ್ನೇ ಕೇಳಿ. ತಿದ್ದುವುದಾದರೂ "ಎಲ್ಲ ಬದಲಿಸು" ಒತ್ತಬೇಡಿ. ವಿದಾನವನ್ನು ವಿಧಾನ ಮಾಡುತ್ತಾ ಮಾಡುತ್ತಾ ಅವನು ಸರಿಯಾಗಿ ಬರೆದ ನಿದಾನ, ದಾನ ಯಾವುದಕ್ಕೆ ಏನಾಗುತ್ತದೋ ಹೇಳಲಾಗದು.

ಕೋಡಿಕಡಲು

ಹುಡುಗನಿಗೆ ಫೋನ್ ಮಾಡಿದೆ. "ಬೇಕಂತಲೇ ಬರೆದದ್ದು, ಬದಲಾಯಿಸುವುದಾದರೆ ಲೇಖನ ವಾಪಸ್ ಕೊಡಿ" ಅಂದ. ಸಮಿತಿಯ ಮುಂದೆ ಇಡುತ್ತೇನೆ. ಮೊದಲು ಕೇಳಿದ ಐದರಲ್ಲಿ ಸಂಘ ಬಿಟ್ಟು ಉಳಿದ ನಾಲ್ಕೂ ಬರೆದವರು ಬರೆದ ಹಾಗೇ ಹೋಗುತ್ತವೆ, ಸೊನ್ನೆಗಳನ್ನೆಲ್ಲ ತಿದ್ದಿ ಆಯಿತು. ೧೯೨೦ ಹಾಗೇ ಇದೆ, ನೋಡಿಕೊಂಡೆ.

ಮಂಜ ಹಾಸನ

ಹುಡುಗನ ಲೇಖನ ಅಚ್ಚಾಗುತ್ತದಾ ಇಲ್ಲವಾ, ಇಲ್ಲೇ ತಿಳಿಸಿ. ನನ್ನ ಓಟು ಧಾರವಾಡದವರ ಕಡೆ.